ಅಕ್ಟೋಬರ್ ಆದ ಮೇಲೆ ಏಪ್ರಿಲ್ ಬರುವುದಿಲ್ಲ

ಕಳೆದ ವರ್ಷ ನಾವು ಪ್ರಕಟಿಸಿದ ಒಂದು ವರದಿಗೆ ತಿದ್ದುಪಡಿ ಹಾಕಬೇಕಾಯಿತು. ಅದರಲ್ಲಿದ್ದ ಅಂಕಿಗಳೆಲ್ಲ ಸರಿ ಇದ್ದವು. ಹೆಸರು, ಊರು, ದಿನಾಂಕ ಯಾವುದೂ ತಪ್ಪಿರಲಿಲ್ಲ. ತಪ್ಪಿದ್ದು ಬಾರ್ ಚಾರ್ಟಿನ ಕಂಬಗಳು ನಿಂತ ಜಾಗ. ಆ ತಪ್ಪಿನ ಬಿಸಿ ತಗುಲಿದ್ದು ನಮಗಲ್ಲ, ತಿಂಗಳ ಸಂಬಳಕ್ಕೆ ದುಡಿಯುವ ಒಬ್ಬ ನೀರಗಂಟಿಗೆ. ಆದ್ದರಿಂದ ಅದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

2023ರ ಬರ ಎಲ್ಲರಿಗೂ ನೆನಪಿರುತ್ತದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ಬಯಲುಸೀಮೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಆ ವರ್ಷ ಟ್ಯಾಂಕರ್ ನೀರು ಹೇಗೆ ಬಂತು ಎಂದು ನೋಡಲು ನಾವು ಮೂವರು ಹೋದೆವು. ಪಂಚಾಯಿತಿಯವರು ಟ್ಯಾಂಕರ್ ಟ್ರಿಪ್ಪುಗಳ ಪುಸ್ತಕ ತೆಗೆದು ತೋರಿಸಿದರು. ಒಂದೊಂದು ಟ್ರಿಪ್ಪಿಗೆ ಒಂದೊಂದು ಸಾಲು: ದಿನಾಂಕ, ಯಾವ ಕೇರಿ, ಟ್ಯಾಂಕರ್ ನಂಬರ್, ನೀರಗಂಟಿಯ ಸಹಿ. ಪಂಚಾಯಿತಿಯ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ನಮಗೆ ಬೇಕಾಗಿದ್ದದ್ದು 2023ರ ಜೂನ್‌ನಿಂದ 2024ರ ಮೇವರೆಗೆ, ಅಂದರೆ ಒಂದು ಮುಂಗಾರಿನಿಂದ ಮುಂದಿನ ಮುಂಗಾರಿನವರೆಗೆ. ಹಾಗಾಗಿ ಎರಡು ಪುಸ್ತಕಗಳಿಂದ ಸಾಲುಗಳನ್ನು ಬರೆದುಕೊಂಡೆವು. ಒಟ್ಟು 334 ಟ್ರಿಪ್ಪು.

ಒಬ್ಬರು ಓದಿ ಹೇಳಿದರು, ಇನ್ನೊಬ್ಬರು ಮೊಬೈಲಿನಲ್ಲೇ ಗೂಗಲ್ ಶೀಟ್ಸ್ ತೆರೆದು ತುಂಬಿದರು. ಪುಸ್ತಕದಲ್ಲಿ ದಿನಾಂಕ ಒಂದೊಂದು ಕಡೆ ಒಂದೊಂದು ರೀತಿ ಇತ್ತು. 3/6 ಎಂದು ಒಂದು ಕಡೆ, 3-6-23 ಎಂದು ಇನ್ನೊಂದು ಕಡೆ. ಅದನ್ನೆಲ್ಲ ಟೈಪು ಮಾಡುವ ಗೋಜು ಯಾಕೆ, ನಮಗೆ ಬೇಕಾಗಿರುವುದು ತಿಂಗಳು ತಾನೇ ಎಂದು ಪ್ರತಿ ಸಾಲಿಗೂ ‘ಜೂನ್’, ‘ನವೆಂಬರ್’ ಎಂದು ತಿಂಗಳ ಹೆಸರನ್ನಷ್ಟೇ ಹಾಕಿದೆವು. ಆಮೇಲೆ ಆದದ್ದಕ್ಕೆಲ್ಲ ಬೀಜ ಬಿದ್ದದ್ದು ಇಲ್ಲೇ.

ಮನೆಗೆ ಬಂದು ಪಿವಟ್ ಟೇಬಲ್ ಹಾಕಿ ತಿಂಗಳಿಗೆ ಎಷ್ಟು ಟ್ರಿಪ್ಪು ಎಂದು ಎಣಿಸಿ, ಅದರಿಂದ ಬಾರ್ ಚಾರ್ಟ್ ಮಾಡಿದೆವು. ಶೀಟ್ಸ್‌ಗೆ ‘ಜೂನ್’ ಎಂಬುದು ತಿಂಗಳಲ್ಲ, ಬರಿಯ ಅಕ್ಷರ. ಅಕ್ಷರಗಳನ್ನು ಅದು ಅಕಾರಾದಿಯಾಗಿ ಜೋಡಿಸುತ್ತದೆ. ಕನ್ನಡದಲ್ಲಿ ಹನ್ನೆರಡು ತಿಂಗಳನ್ನು ಅಕಾರಾದಿಯಾಗಿ ಇಟ್ಟರೆ ಹೀಗೆ ಬರುತ್ತದೆ: ಅಕ್ಟೋಬರ್, ಆಗಸ್ಟ್, ಏಪ್ರಿಲ್, ಜನವರಿ, ಜುಲೈ, ಜೂನ್, ಡಿಸೆಂಬರ್, ನವೆಂಬರ್, ಫೆಬ್ರವರಿ, ಮಾರ್ಚ್, ಮೇ, ಸೆಪ್ಟೆಂಬರ್. ನಮ್ಮ ಚಾರ್ಟಿನಲ್ಲಿ ಆಗಸ್ಟ್ ಮತ್ತು ಸೆಪ್ಟೆಂಬರ್ ಇರಲೇ ಇಲ್ಲ. ಅವೆರಡು ತಿಂಗಳು ಟ್ಯಾಂಕರ್ ಬಂದಿರಲಿಲ್ಲ. ಸಾಲೇ ಇಲ್ಲದ ತಿಂಗಳನ್ನು ಪಿವಟ್ ಟೇಬಲ್ ತಾನಾಗಿ ತೋರಿಸುವುದಿಲ್ಲ.

ಹೀಗಾಗಿ ಚಾರ್ಟಿನ ಮೊದಲ ಕಂಬ ಅಕ್ಟೋಬರ್, 6 ಟ್ರಿಪ್ಪು. ಅದಕ್ಕೆ ಅಂಟಿಕೊಂಡು ಏಪ್ರಿಲ್, 78. ಆಮೇಲೆ ಜನವರಿ 31, ಜುಲೈ 4, ಜೂನ್ 18, ಡಿಸೆಂಬರ್ 22, ನವೆಂಬರ್ 14, ಫೆಬ್ರವರಿ 45, ಮಾರ್ಚ್ 62, ಮೇ 54. ಚಾರ್ಟನ್ನು ಫೋಟೋ ಮಾಡಿ ವಾಟ್ಸ್ಆ್ಯಪ್‌ನಲ್ಲಿ ವರದಿ ಬರೆಯುವವರಿಗೆ ಕಳಿಸಿದೆವು. ಫೋನಿನಲ್ಲಿ ತಿಂಗಳ ಹೆಸರುಗಳು ಓರೆಯಾಗಿ, ಇರುವೆಯಷ್ಟು ಸಣ್ಣಗೆ ಕಾಣುತ್ತಿದ್ದವು. ಕಂಡದ್ದು ಕಂಬಗಳ ಆಕಾರ ಮಾತ್ರ. ಗಿಡ್ಡ ಕಂಬ, ಪಕ್ಕದಲ್ಲೇ ಮುಗಿಲೆತ್ತರದ ಕಂಬ, ಅದರ ಪಕ್ಕ ಅರ್ಧಕ್ಕೂ ಕಡಿಮೆ, ಆಮೇಲೆ ನೆಲಕ್ಕೆ ಅಂಟಿದ್ದು, ಮತ್ತೆ ಸ್ವಲ್ಪ ಏರಿ, ಮತ್ತೆ ಇಳಿದು, ಮತ್ತೆ ಏರಿ. ನೋಡಿದವರಿಗೆ ಅನಿಸುವುದೊಂದೇ: ಇಲ್ಲಿ ನೀರಿನ ಪೂರೈಕೆಗೆ ಹೇಳುವವರು ಕೇಳುವವರು ಇಲ್ಲ. ಬರೆದವರಿಗೂ ಹಾಗೇ ಅನಿಸಿತು. ‘ಬಂದರೆ ಬಂತು ಟ್ಯಾಂಕರ್’ ಎಂಬ ತಲೆಬರಹ ಬಿತ್ತು. ಒಂದು ತಿಂಗಳು ಧಾರಾಳ, ಮರುತಿಂಗಳು ನಾಪತ್ತೆ ಎಂಬ ಒಂದು ಸಾಲೂ ಒಳಗೆ ಸೇರಿತು.

ವರದಿ ಬಂದ ಮುಂದಿನ ಗ್ರಾಮಸಭೆಯಲ್ಲಿ ಯಾರೋ ಮೊಬೈಲಿನಲ್ಲಿ ಆ ಚಾರ್ಟ್ ತೆಗೆದು ನೀರಗಂಟಿಯ ಮುಖಕ್ಕೆ ಹಿಡಿದರಂತೆ. ಟ್ಯಾಂಕರಿಗೆ ಫೋನ್ ಮಾಡುವವರು ಅವರು, ಬಂದ ನೀರನ್ನು ಕೇರಿಕೇರಿಗೆ ಹಂಚಿಸುವವರು ಅವರು, ಪುಸ್ತಕಕ್ಕೆ ಸಹಿ ಹಾಕುವವರೂ ಅವರೇ. ಹೀಗಾಗಿ ‘ನಾಪತ್ತೆ’ ಎಂಬ ಮಾತು ನೇರ ಅವರ ತಲೆಯ ಮೇಲೆ ಬಿತ್ತು. ಎರಡು ದಿನದ ಮೇಲೆ ನಮಗೆ ಫೋನ್ ಬಂತು.

“ಏನ್ರಪ್ಪಾ, ನಾನೇನು ಮನಸ್ಸು ಬಂದಾಗ ಟ್ಯಾಂಕರ್ ತರಿಸ್ತೀನಾ? ಪುಸ್ತಕ ನೀವೇ ನೋಡಿದ್ರಲ್ಲ.”

“ಅಣ್ಣ, ಪುಸ್ತಕದಲ್ಲಿ ಇದ್ದ ಲೆಕ್ಕಾನೇ ಹಾಕಿರೋದು” ಎಂದೆವು.

“ಲೆಕ್ಕ ಇರಬೋದು. ಆದ್ರೆ ಹಸ್ತ, ಚಿತ್ತ ಎರಡೂ ಮಳೆ ಕೈಕೊಟ್ಟ ಮೇಲೆ ಬೋರು ಸಣ್ಣಗಾಗ್ತಾ ಬಂತು. ಅವತ್ತಿಂದ ತಿಂಗಳು ತಿಂಗಳೂ ಟ್ರಿಪ್ಪು ಜಾಸ್ತಿ ಮಾಡ್ಕೊಂಡೇ ಬಂದಿದೀನಿ. ಒಂದು ತಿಂಗಳೂ ಹಿಂದೆ ಹೋಗಿಲ್ಲ. ನಿಮ್ಮ ಚಿತ್ರದಾಗೆ ಅದೆಲ್ಲೈತೆ ತೋರಿಸಿ.”

ಆಗ ನಾವು ಚಾರ್ಟನ್ನು ದೊಡ್ಡದು ಮಾಡಿ ಕೆಳಗಿನ ಹೆಸರುಗಳನ್ನು ಮೊದಲ ಸಲ ಓದಿದೆವು. ಅಕ್ಟೋಬರ್ ಆದ ಮೇಲೆ ಏಪ್ರಿಲ್ ಇತ್ತು.

ತಕ್ಷಣ ಕಂಬಗಳನ್ನು ಜನವರಿಯಿಂದ ಡಿಸೆಂಬರ್‌ಗೆ ಜೋಡಿಸಿದೆವು. ಜನವರಿ 31, ಫೆಬ್ರವರಿ 45, ಮಾರ್ಚ್ 62, ಏಪ್ರಿಲ್ 78, ಮೇ 54, ಜೂನ್ 18, ಜುಲೈ 4, ಆಮೇಲೆ ಅಕ್ಟೋಬರ್ 6, ನವೆಂಬರ್ 14, ಡಿಸೆಂಬರ್ 22. ನೋಡಲು ಚೆಂದವಾಗಿತ್ತು. ಬೇಸಿಗೆಯ ಗುಡ್ಡ ಎದ್ದು ಇಳಿದ ಹಾಗೆ. ಇಷ್ಟೇ ತಪ್ಪು ಎಂದುಕೊಂಡು ತಿದ್ದುಪಡಿ ಹಾಕಲು ಹೊರಟಿದ್ದೆವು. ನಮ್ಮಲ್ಲೊಬ್ಬರು ತಡೆದು ಕೇಳಿದರು: “ಮೇ ಆದ ಮೇಲಿನ ಈ ಜೂನ್ ಯಾವ ವರ್ಷದ್ದು?”

ಅದು 2023ರ ಜೂನ್. ಅದರ ಎಡಕ್ಕೆ ನಿಂತಿದ್ದ ಮೇ 2024ರದ್ದು. ಅಂದರೆ ಹನ್ನೊಂದು ತಿಂಗಳು ಹಿಂದಿನ ಕಂಬವನ್ನು ನಾವು ಮುಂದಿನ ತಿಂಗಳೆಂದು ನಿಲ್ಲಿಸಿದ್ದೆವು. ಆ ಚಾರ್ಟ್ ನೋಡಿದವರು 2024ರ ಮುಂಗಾರು ಹಿಡಿದ ಕೂಡಲೇ ಟ್ಯಾಂಕರ್ 54ರಿಂದ 18ಕ್ಕೆ ಇಳಿಯಿತು ಎಂದು ಓದುತ್ತಿದ್ದರು. ಆ ಜೂನ್‌ನ ಲೆಕ್ಕ ನಮ್ಮ ಕೈಯಲ್ಲಿ ಇರಲೇ ಇಲ್ಲ. ಇನ್ನೂ ಮುಖ್ಯವಾದದ್ದು ಬೇರೆ ಇತ್ತು. ಅಕ್ಟೋಬರ್‌ನಲ್ಲಿ 6 ಟ್ರಿಪ್ಪಿನಿಂದ ಶುರುವಾಗಿ ಏಪ್ರಿಲ್‌ನ 78ರವರೆಗೆ ಏರಿದ್ದೇ ಇಡೀ ಕಥೆ. ಅದು ಡಿಸೆಂಬರ್ ಮತ್ತು ಜನವರಿಯ ನಡುವೆ ಎರಡು ತುಂಡಾಗಿ, ಮೊದಲ ತುಂಡು ಬಲತುದಿಗೂ ಎರಡನೆಯದು ಎಡತುದಿಗೂ ಹೋಗಿತ್ತು. ಅಕಾರಾದಿಯ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಯಾರಾದರೂ ಹಿಡಿಯುತ್ತಾರೆ. ಈ ಎರಡನೆಯ ತಪ್ಪು ಸರಿಯಾದದ್ದರ ವೇಷ ಹಾಕಿಕೊಂಡಿರುತ್ತದೆ. ಹೆಸರುಗಳು ಗೋಡೆಯ ಕ್ಯಾಲೆಂಡರಿನಂತೆಯೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಕಡೆಗೆ 2023ರ ಜೂನ್‌ನಿಂದ ಜೋಡಿಸಿದೆವು. ಜೂನ್ 18, ಜುಲೈ 4, ಆಗಸ್ಟ್ 0, ಸೆಪ್ಟೆಂಬರ್ 0, ಅಕ್ಟೋಬರ್ 6, ನವೆಂಬರ್ 14, ಡಿಸೆಂಬರ್ 22, ಜನವರಿ 31, ಫೆಬ್ರವರಿ 45, ಮಾರ್ಚ್ 62, ಏಪ್ರಿಲ್ 78, ಮೇ 54. ನೀರಗಂಟಿ ಫೋನಿನಲ್ಲಿ ಹೇಳಿದ್ದು ಅಕ್ಷರಶಃ ಹಾಗೇ ಮೂಡಿತು. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಒಂದು ತಿಂಗಳೂ ಹಿಂದೆ ಹೋಗಿರಲಿಲ್ಲ. ನಾವು ಬರೆಯಬೇಕಿದ್ದ ವರದಿಯೂ ಅಲ್ಲೇ ಇತ್ತು. ಬೇಸಿಗೆಯಲ್ಲಿ ಬರಬೇಕಾದ ಟ್ಯಾಂಕರ್ ಅಕ್ಟೋಬರ್‌ನಲ್ಲೇ ಊರಿಗೆ ಕಾಲಿಟ್ಟಿತ್ತು. ಅದನ್ನು ಬಿಟ್ಟು ಒಬ್ಬ ಮನುಷ್ಯನ ಮೇಲೆ ಇಲ್ಲದ ದೂರು ಹೊರಿಸಿದ್ದೆವು.

ಈ ಮೂರೂ ಚಾರ್ಟುಗಳಲ್ಲಿ ಅಂಕಿಗಳು ಒಂದೇ. ಬೇರೆಯಾದದ್ದು ಅಕ್ಕಪಕ್ಕ ಮಾತ್ರ. ಓದುಗರು ಒಂದೊಂದು ಕಂಬವನ್ನೂ ಬಿಡಿಯಾಗಿ ಓದುವುದಿಲ್ಲ, ಒಂದರಿಂದ ಇನ್ನೊಂದಕ್ಕೆ ಏರಿತೋ ಇಳಿಯಿತೋ ಎಂದು ಓದುತ್ತಾರೆ. ಕಂಬಗಳು ಪಕ್ಕಪಕ್ಕ ಇದ್ದರೆ ಬದುಕಿನಲ್ಲೂ ಅವು ಪಕ್ಕಪಕ್ಕ ಬಂದವು ಎಂದೇ ತಿಳಿಯುತ್ತಾರೆ. ಹಾಗಾಗಿ ಕ್ರಮ ಎಂಬುದು ಅಲಂಕಾರವಲ್ಲ, ಅದೂ ನಾವು ಹೇಳುತ್ತಿರುವ ಒಂದು ಮಾತು. ಅದು ಸುಳ್ಳಾದರೆ ವರದಿಯೂ ಸುಳ್ಳು.

ಈಗ ನಾವು ಮಾಡುವುದು ಹೀಗೆ. ಮೊದಲನೆಯದು, ತಿಂಗಳ ಹೆಸರನ್ನು ಟೈಪು ಮಾಡುವುದಿಲ್ಲ. ಎಷ್ಟೇ ಬೇಜಾರಾದರೂ ಪೂರ್ತಿ ದಿನಾಂಕ ಹಾಕುತ್ತೇವೆ, ವರ್ಷವೂ ಸೇರಿ. ಇಲ್ಲೂ ಒಂದು ಹೊಂಡ ಇದೆ. ಶೀಟಿನ ಸೆಟ್ಟಿಂಗ್‌ನಲ್ಲಿ ದೇಶ ಅಮೆರಿಕ ಎಂದಿದ್ದರೆ 3-6-2023 ಎಂಬುದು ಮಾರ್ಚ್ 6 ಆಗಿಬಿಡುತ್ತದೆ. 13-6-2023ಕ್ಕೆ ಹದಿಮೂರನೆಯ ತಿಂಗಳು ಸಿಗದೆ ಅದು ಅಕ್ಷರವಾಗಿಯೇ ಉಳಿಯುತ್ತದೆ. ಕಂಡುಹಿಡಿಯುವುದು ಸುಲಭ. ಶೀಟ್ಸ್ ದಿನಾಂಕವೆಂದು ಒಪ್ಪಿಕೊಂಡದ್ದು ಮನೆಯ ಬಲಕ್ಕೆ ಅಂಟಿರುತ್ತದೆ, ಅಕ್ಷರವಾಗಿ ಉಳಿದದ್ದು ಎಡಕ್ಕೆ. ಒಂದೇ ಕಾಲಮ್ಮಿನಲ್ಲಿ ಕೆಲವು ಬಲ, ಕೆಲವು ಎಡ ಕಂಡರೆ ಅಲ್ಲೇ ನಿಂತು ಸೆಟ್ಟಿಂಗ್ ಸರಿ ಮಾಡಬೇಕು. ಬರಿಯ ಎಡದವನ್ನು ತಿದ್ದಿದರೆ ಸಾಲದು, ಬಲಕ್ಕಿರುವವುಗಳಲ್ಲಿ ತಿಂಗಳು ಆಗಲೇ ಅದಲುಬದಲಾಗಿರುತ್ತದೆ. ಅವನ್ನು ಪುಸ್ತಕ ನೋಡಿ ಮತ್ತೆ ತುಂಬಬೇಕು.

ಎರಡನೆಯದು, ದಿನಾಂಕದ ಪಕ್ಕದ ಕಾಲಮ್ಮಿನಲ್ಲಿ ವರ್ಷವನ್ನೂ ತಿಂಗಳನ್ನೂ ಕೂಡಿಸಿ ಒಂದು ಸಂಖ್ಯೆ ಮಾಡಿಕೊಳ್ಳುತ್ತೇವೆ. ದಿನಾಂಕ A ಕಾಲಮ್ಮಿನಲ್ಲಿದ್ದರೆ B ಕಾಲಮ್ಮಿನಲ್ಲಿ ಇಷ್ಟು ಸಾಕು:

```
=YEAR(A2)*100+MONTH(A2)
```

2023ರ ಜೂನ್ 202306 ಆಗುತ್ತದೆ, 2024ರ ಜನವರಿ 202401. ಸಂಖ್ಯೆಯಾದ್ದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ಕಾಲದ ಕ್ರಮವೇ ಬರುತ್ತದೆ. ವರ್ಷ ಮುಂದಿರುವುದರಿಂದ ಜನವರಿ ತಾನಾಗಿ ಡಿಸೆಂಬರ್‌ನ ಹಿಂದೆ ಹೋಗಿ ನಿಲ್ಲುತ್ತದೆ. ನಮ್ಮ ಎರಡೂ ತಪ್ಪುಗಳಿಗೆ ಇದೊಂದೇ ಮದ್ದು.

ಮೂರನೆಯದು, ಪಿವಟ್ ಟೇಬಲ್‌ಗೆ ಬಿಡದೆ ಹನ್ನೆರಡು ತಿಂಗಳ ಪಟ್ಟಿಯನ್ನು ನಾವೇ ಬರೆಯುತ್ತೇವೆ. D ಕಾಲಮ್ಮಿನಲ್ಲಿ 202306ರಿಂದ 202405ರವರೆಗೆ, E ಕಾಲಮ್ಮಿನಲ್ಲಿ ‘ಜೂನ್ 2023’ ಎಂದು ಓದುಗರಿಗೆ ಕಾಣುವ ಹೆಸರು, F ಕಾಲಮ್ಮಿನಲ್ಲಿ ಎಣಿಕೆ:

```
=COUNTIF(B:B, D2)
```

ಹೀಗೆ ಮಾಡಿದರೆ ಸಾಲಿಲ್ಲದ ತಿಂಗಳಿಗೂ 0 ಎಂದು ಬರುತ್ತದೆ, ಖಾಲಿ ಜಾಗ ಖಾಲಿಯಾಗಿಯೇ ಉಳಿಯುತ್ತದೆ. ಆಗಸ್ಟ್, ಸೆಪ್ಟೆಂಬರ್ ಕಾಣೆಯಾಗಿ ಜುಲೈಗೆ ಅಕ್ಟೋಬರ್ ಅಂಟಿಕೊಂಡರೆ, ಎರಡು ತಿಂಗಳು ಟ್ಯಾಂಕರ್ ಬೇಡವಾಗಿತ್ತು ಎಂಬ ಸುದ್ದಿಯೂ ಅದರ ಜೊತೆ ಕಾಣೆಯಾಗುತ್ತದೆ. ಆದರೆ 0 ಹಾಕುವ ಮುಂಚೆ ಒಂದು ಮಾತು ಕೇಳಲೇಬೇಕು: ಆ ತಿಂಗಳು ಟ್ಯಾಂಕರ್ ಬರಲಿಲ್ಲವೋ, ಪುಸ್ತಕದ ಹಾಳೆಯೇ ಇಲ್ಲವೋ? ನಾವು ನೀರಗಂಟಿಯನ್ನು ಕೇಳಿದೆವು. ಬರಲಿಲ್ಲ ಎಂದರು. ಹಾಳೆ ಹರಿದಿದ್ದರೆ 0 ಹಾಕುವ ಹಾಗಿಲ್ಲ. ಜಾಗ ಬಿಟ್ಟು ‘ಲೆಕ್ಕ ಸಿಕ್ಕಿಲ್ಲ’ ಎಂದು ಬರೆಯಬೇಕು.

ಇನ್ನು ಎಲ್ಲಿಂದ ಶುರು ಮಾಡಬೇಕು ಎಂಬುದು. ತಿಂಗಳು ಚಕ್ರದ ಹಾಗೆ ಸುತ್ತುತ್ತದೆ, ಅದಕ್ಕೆ ತಲೆಯೂ ಇಲ್ಲ ಬಾಲವೂ ಇಲ್ಲ. ಚಾರ್ಟಿಗೆ ಮಾತ್ರ ಎರಡು ತುದಿ ಇರುತ್ತವೆ, ಆದ್ದರಿಂದ ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ದುಡ್ಡು ಖರ್ಚಾದ ಲೆಕ್ಕವಾದರೆ ಏಪ್ರಿಲ್‌ನಿಂದ ಮಾರ್ಚ್ ಸರಿ, ಅನುದಾನ ಬರುವುದೇ ಹಾಗೆ. ಶಾಲೆಯ ಹಾಜರಾತಿಯಾದರೆ ಜೂನ್‌ನಿಂದ. ನೀರಿನದ್ದಾದರೂ ಜೂನ್‌ನಿಂದಲೇ. ನಮ್ಮ ರೈತರು ಮಳೆಯನ್ನು ಜನವರಿ, ಫೆಬ್ರವರಿ ಎಂದು ಎಣಿಸುವುದಿಲ್ಲ. ರೋಹಿಣಿ, ಮೃಗಶಿರ, ಆರಿದ್ರ ಎಂದು ಎಣಿಸುತ್ತಾ ಹಸ್ತ, ಚಿತ್ತ, ಸ್ವಾತಿಗೆ ಬರುತ್ತಾರೆ. ಆ ಹೆಸರುಗಳನ್ನು ಯಾರೂ ಅಕಾರಾದಿಯಾಗಿ ಹೇಳುವುದಿಲ್ಲ. ಒಂದು ಮಳೆ ಹೋದರೆ ಮುಂದಿನದು ಯಾವುದು ಎಂಬುದರ ಮೇಲೇ ಬಿತ್ತನೆ ನಿಂತಿರುತ್ತದೆ. ನಾವು ಹುಡುಕುವ ಕಥೆಯ ನಡುವೆ ಕತ್ತರಿ ಬೀಳಬಾರದು ಎಂಬುದಷ್ಟೇ ಇಲ್ಲಿನ ಲೆಕ್ಕಾಚಾರ. ಟ್ಯಾಂಕರ್ ಇಲ್ಲವೇ ಇಲ್ಲ ಎನ್ನುವಷ್ಟು ಇಳಿದ ಕಾಲದ ಆಸುಪಾಸು ಕತ್ತರಿಸಿದರೆ ಏರಿಕೆ ಇಡಿಯಾಗಿ ಉಳಿಯುತ್ತದೆ.

ಈ ಪಾಠ ಕಲಿತ ಮೇಲೂ ಮತ್ತೊಮ್ಮೆ ಎಡವಿದೆವು. ಅದೇ ಪಂಚಾಯಿತಿಯಲ್ಲಿ ಬರದ ವರ್ಷ ಗುಳೆ ಹೋದವರ ವಯಸ್ಸನ್ನು ಮನೆಮನೆಗೆ ಹೋಗಿ ಕೇಳಿ, ‘0-4 ವರ್ಷ’, ‘5-9 ವರ್ಷ’, ‘10-14 ವರ್ಷ’ ಎಂದು ಐದೈದು ವರ್ಷದ ಗುಂಪು ಮಾಡಿದ್ದೆವು. ಇಲ್ಲಿ ಅಂಕಿಗಳೇ ಇವೆಯಲ್ಲ, ಕ್ರಮ ತಪ್ಪುವುದಿಲ್ಲ ಎಂದುಕೊಂಡೆವು. ಆದರೆ ಹೈಫನ್ ಬಂದ ಕೂಡಲೇ ಅದೂ ಅಕ್ಷರವೇ. ಅಕ್ಷರದ ಲೆಕ್ಕದಲ್ಲಿ 1ರಿಂದ ಶುರುವಾಗುವುದೆಲ್ಲ 5ರಿಂದ ಶುರುವಾಗುವುದಕ್ಕಿಂತ ಮುಂಚೆ. ಹಾಗಾಗಿ 0-4 ಆದ ಮೇಲೆ 10-14 ಬಂತು, ಆಮೇಲೆ 15-19, ಹೀಗೇ 45-49ರವರೆಗೆ. ಐದರಿಂದ ಒಂಬತ್ತು ವರ್ಷದ ಮಕ್ಕಳು ಹೋಗಿ ಐವತ್ತು ದಾಟಿದವರ ಗುಂಪಿನಲ್ಲಿ ಕುಳಿತಿದ್ದರು.

ನಾವು ನೋಡಬೇಕಿದ್ದದ್ದು ಆ ಮಕ್ಕಳನ್ನೇ. ಅಪ್ಪ ಅಮ್ಮನ ಜೊತೆ ಹೊರಟ ಸಣ್ಣ ಮಕ್ಕಳ ಕಂಬ ಅಕ್ಕಪಕ್ಕದ 0-4 ಮತ್ತು 10-14ರ ಜೊತೆ ನಿಂತರೆ, ಶಾಲೆ ಬಿಟ್ಟು ಹೋದವರು ಯಾವ ತರಗತಿಯವರು ಎಂಬ ಅಂದಾಜು ಸಿಗುತ್ತದೆ. ವಯಸ್ಸಾದವರ ನಡುವೆ ನಿಂತರೆ ಅದು ಕಣ್ಣಿಗೇ ಬೀಳುವುದಿಲ್ಲ. ‘ವರ್ಷ’ ಎಂಬ ಪದ ಬಿಟ್ಟು ಬರಿಯ 5-9 ಎಂದು ಟೈಪು ಮಾಡಿದರೆ ಇನ್ನೊಂದು ತಮಾಷೆ ಕಾದಿರುತ್ತದೆ. ಶೀಟ್ಸ್ ಅದನ್ನು ಸೆಪ್ಟೆಂಬರ್ 5 ಎಂಬ ದಿನಾಂಕ ಮಾಡಿಬಿಡುತ್ತದೆ.

ಇದಕ್ಕೂ ಮದ್ದು ತಿಂಗಳಿಗೆ ಹಾಕಿದ್ದೇ. ಗುಂಪಿನ ಹೆಸರಿನ ಪಕ್ಕ ‘ಕ್ರಮ’ ಎಂಬ ಒಂದು ಕಾಲಮ್ ಇಟ್ಟು 1, 2, 3 ಎಂದು ಹಾಕಿ, ಅದರ ಮೇಲೆ ಜೋಡಿಸಿದರೆ ಮುಗಿಯಿತು. ಆದರೆ ವಯಸ್ಸಿನಲ್ಲಿ ಕ್ರಮ ಸರಿಯಾದರೂ ಉಳಿಯುವ ಒಂದು ತೊಡಕು ಇದೆ. ಸರ್ಕಾರಿ ಪಟ್ಟಿಗಳಲ್ಲಿ ಕೆಲವೊಮ್ಮೆ 0-5, 6-14, 15-59, 60 ಮತ್ತು ಮೇಲ್ಪಟ್ಟವರು ಎಂಬಂಥ ಗುಂಪುಗಳಿರುತ್ತವೆ. ಇದರಲ್ಲಿ ಒಂದು ಗುಂಪಿಗೆ ಆರು ವರ್ಷದ ಅಗಲ, ಇನ್ನೊಂದಕ್ಕೆ ನಲವತ್ತೈದು. 15-59ರ ಕಂಬ ಎತ್ತರವಾಗಿಯೇ ಇರುತ್ತದೆ, ಅದರಲ್ಲಿ ಸುದ್ದಿಯೇನೂ ಇಲ್ಲ. ಅಂಥಲ್ಲಿ ಎಣಿಕೆಯ ಬದಲು ಆ ಗುಂಪಿನ ನೂರು ಜನರಲ್ಲಿ ಎಷ್ಟು ಮಂದಿ ಎಂದು ತೋರಿಸುವುದೇ ನ್ಯಾಯ.

ಹಾಗೆಂದು ಎಲ್ಲವಕ್ಕೂ ಸಹಜ ಕ್ರಮ ಇರುವುದಿಲ್ಲ. ಅದೇ ಪಂಚಾಯಿತಿಯ ಕೇರಿಗಳಿಗೆ ಎಷ್ಟೆಷ್ಟು ಟ್ರಿಪ್ಪು ಹೋಯಿತು ಎಂಬ ಚಾರ್ಟಿನಲ್ಲಿ ಯಾವ ಕೇರಿಯೂ ಮೊದಲಲ್ಲ, ಯಾವುದೂ ಕೊನೆಯಲ್ಲ. ಅಲ್ಲಿ ಹೆಚ್ಚಿನಿಂದ ಕಡಿಮೆಗೆ ಜೋಡಿಸಿದೆವು. ತಿಂಗಳಿಗೆ ಹಾಗೆ ಮಾಡಿದರೆ ಏಪ್ರಿಲ್, ಮಾರ್ಚ್, ಮೇ, ಫೆಬ್ರವರಿ ಎಂದು ಬಂದು ಮತ್ತೆ ಹಾಳಾಗುತ್ತಿತ್ತು. ಅಕಾರಾದಿ ಬೇಕಾಗುವುದು ಓದುಗರು ತಮ್ಮ ಊರಿನ ಹೆಸರನ್ನು ಹುಡುಕುವ ಉದ್ದನೆಯ ಪಟ್ಟಿಗೆ ಮಾತ್ರ.

ತಿದ್ದುಪಡಿಯಲ್ಲಿ ಹಳೆಯ ಚಾರ್ಟನ್ನೂ ಹೊಸದನ್ನೂ ಪಕ್ಕಪಕ್ಕ ಹಾಕಿ, ಪೂರೈಕೆ ಅಸ್ತವ್ಯಸ್ತವಾಗಿರಲಿಲ್ಲ, ನಾವು ತಿಂಗಳುಗಳನ್ನು ಅಸ್ತವ್ಯಸ್ತ ಮಾಡಿದ್ದೆವು ಎಂದು ಬರೆದೆವು. ತಲೆಬರಹವನ್ನು ‘ಅಕ್ಟೋಬರ್‌ಗೇ ಬಂದ ಟ್ಯಾಂಕರ್’ ಎಂದು ಬದಲಿಸಿದೆವು. ಹೊಸ ಚಾರ್ಟನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿಕೊಂಡು ನಾವೇ ಊರಿಗೆ ಹೋದೆವು. ನೀರಗಂಟಿ ಅದನ್ನು ಗೋಡೆಗೆ ಒರಗಿಸಿ, ಜೂನ್‌ನಿಂದ ಶುರುಮಾಡಿ ಒಂದೊಂದು ಕಂಬದ ಮೇಲೂ ಬೆರಳಿಟ್ಟುಕೊಂಡು ಹೋದರು. ಖಾಲಿ ಇದ್ದ ಆಗಸ್ಟ್, ಸೆಪ್ಟೆಂಬರ್ ಮೇಲೂ ಬೆರಳಿಟ್ಟರು. ಅಕ್ಟೋಬರ್‌ಗೆ ಬಂದಾಗ “ಇಲ್ಲಿ ದೊಡ್ಡ ಬೋರು ನಿಂತಿದ್ದು” ಎಂದರು. ಮಾರ್ಚ್‌ಗೆ ಬಂದಾಗ “ಇಲ್ಲಿ ಶಾಲೆ ಬೋರೂ ಹೋಯ್ತು.” ಮೇ ಮೇಲೆ ಬೆರಳು ನಿಲ್ಲಿಸಿ “ಇದು ಮಳೆ ಬಂದಿದ್ದಕ್ಕೆ ಇಳಿದಿದ್ದು, ನಾನು ಬಿಟ್ಟಿದ್ದಲ್ಲ, ಅದನ್ನೂ ಬರೀರಿ” ಎಂದರು.

ಬರೆದೆವು.